ಮೊದಲ ಬಾರಿಗೆ ಚರ್ಮದ ಶೂ ಕೊಳ್ಳುವವರಿಗೆ: ಒಂದು ದಿನದ ಬಳಕೆಗೆ ಎಷ್ಟು ರೂಪಾಯಿ?

ನನ್ನ ಅಕ್ಕನ ಮಗನಿಗೆ ದಾವಣಗೆರೆಯ ಬ್ಯಾಂಕ್ ಶಾಖೆಯೊಂದರಲ್ಲಿ ಮೊದಲ ಕೆಲಸ ಸಿಕ್ಕಾಗ ಅವನು ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ ಇದು: "ಮಾಮ, ಸಾವಿರ ರೂಪಾಯಿ ಶೂ ತಗೊಳ್ಳೋದಾ, ಹತ್ತು ಸಾವಿರದ್ದು ತಗೊಳ್ಳೋದಾ? ಸ್ನೇಹಿತರು ದುಬಾರಿಯದ್ದೇ ಕೊನೆಗೆ ಅಗ್ಗ ಅಂತಾರೆ." ನಾನು ಹನ್ನೆರಡು ವರ್ಷ ಪಾದರಕ್ಷೆ ಅಂಗಡಿಯಲ್ಲಿ ಕೆಲಸ ಮಾಡಿದವನಾದ್ದರಿಂದ ಅವನು ನನ್ನನ್ನು ಕೇಳಿದ್ದು ಸಹಜ. ಆದರೆ ಆ ಪ್ರಶ್ನೆಗೆ ಫೋನಿನಲ್ಲಿ ಒಂದೇ ಮಾತಿನ ಉತ್ತರ ಕೊಡಲು ಸಾಧ್ಯವಿರಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಕುಳಿತು ಕಾಗದದ ಮೇಲೆ ಲೆಕ್ಕ ಹಾಕಿದೆವು. ಅವನು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ, ದಿನವೂ ಕಚೇರಿಗೆ ಹಾಕಿಕೊಂಡು ಹೋಗುವ ಕಪ್ಪು ಶೂ ಒಂದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಪ್ರತಿ ಬಳಕೆಯ ವೆಚ್ಚವನ್ನು ಹೇಗೆ ಲೆಕ್ಕ ಹಾಕಬೇಕು?

ಶೂ ಕೊಂಡ ದಿನದಿಂದ ಎಸೆಯುವ ದಿನದವರೆಗೆ ಅದಕ್ಕೆ ನೀವು ಮಾಡುವ ಒಟ್ಟು ಖರ್ಚನ್ನು, ಅದನ್ನು ಹಾಕಿಕೊಂಡ ಒಟ್ಟು ದಿನಗಳಿಂದ ಭಾಗಿಸಿದರೆ ಬರುವುದೇ ಪ್ರತಿ ಬಳಕೆಯ ವೆಚ್ಚ. ಬೆಳಿಗ್ಗೆ ಹಾಕಿ ಸಂಜೆ ಬಿಚ್ಚಿದರೆ ಅದು ಒಂದು ಬಳಕೆ. ಒಟ್ಟು ಖರ್ಚು ಎಂದಾಗ ಅಂಗಡಿಯ ಬಿಲ್ಲಿನ ಜೊತೆಗೆ ಪಾಲಿಶ್, ಬ್ರಷ್, ಹಿಮ್ಮಡಿಯ ತುಂಡು ಬದಲಾಯಿಸುವ ಕೂಲಿ, ಬಿಟ್ಟುಕೊಂಡ ಅಟ್ಟೆಯನ್ನು ಅಂಟಿಸುವ ಕೂಲಿ ಎಲ್ಲವೂ ಸೇರಬೇಕು. ಬಹಳ ಜನ ಬಿಲ್ಲಿನ ಮೊತ್ತವನ್ನು ಮಾತ್ರ ಹಿಡಿದು ಭಾಗಿಸುತ್ತಾರೆ. ಹಾಗೆ ಮಾಡಿದರೆ ಚರ್ಮದ ಶೂಗಳ ಲೆಕ್ಕ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ, ಏಕೆಂದರೆ ಆರೈಕೆ ಬೇಕಾಗುವುದು ಅವುಗಳಿಗೇ.

ಈ ಭಾಗಾಕಾರದಲ್ಲಿ ಮೇಲಿನ ಸಂಖ್ಯೆ ಸುಲಭವಾಗಿ ತಿಳಿಯುತ್ತದೆ. ತಪ್ಪಾಗುವುದೆಲ್ಲ ಕೆಳಗಿನ ಸಂಖ್ಯೆಯಲ್ಲಿ, ಅಂದರೆ ಎಷ್ಟು ದಿನ ಹಾಕಿಕೊಳ್ಳುತ್ತೇವೆ ಎನ್ನುವ ಅಂದಾಜಿನಲ್ಲಿ. ಅಂಗಡಿಯಲ್ಲಿ ಕಣ್ಣಿಗೆ ಹಿಡಿಸಿದ ಶೂವಿನ ಮುಂದೆ ನಿಂತಾಗ ಆ ಸಂಖ್ಯೆಯನ್ನು ನಾವು ನಮಗೆ ಬೇಕಾದಂತೆ ಹಿಗ್ಗಿಸಿಕೊಳ್ಳುತ್ತೇವೆ. ಆದ್ದರಿಂದ ಅದನ್ನು ಮನೆಯಲ್ಲಿಯೇ, ಶೂ ನೋಡುವುದಕ್ಕೆ ಮೊದಲೇ ಬರೆದಿಟ್ಟುಕೊಂಡು ಹೋಗಬೇಕು.

ವರ್ಷಕ್ಕೆ ಎಷ್ಟು ದಿನ ಹಾಕಿಕೊಳ್ಳುತ್ತೇನೆಂದು ಮೊದಲೇ ತಿಳಿಯುವುದು ಹೇಗೆ?

ಕ್ಯಾಲೆಂಡರ್ ಹಿಡಿದು ಕಳೆಯುತ್ತಾ ಬನ್ನಿ. ನಮ್ಮ ಹುಡುಗನ ಲೆಕ್ಕ ಹೀಗಿತ್ತು. 365 ದಿನಗಳಲ್ಲಿ 52 ಭಾನುವಾರಗಳು ಹೋದವು. ಬ್ಯಾಂಕಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಾದ್ದರಿಂದ ಇನ್ನೊಂದು 24 ದಿನ ಹೋದವು. ಹಬ್ಬಗಳ ರಜೆ ಸುಮಾರು 15, ಅವನು ತೆಗೆದುಕೊಳ್ಳಬಹುದಾದ ಸ್ವಂತ ರಜೆ 20 ಎಂದು ಹಿಡಿದಾಗ ಉಳಿದದ್ದು ಸುಮಾರು 250 ಕೆಲಸದ ದಿನಗಳು. ಅವನು ಬೈಕಿನಲ್ಲಿ ಓಡಾಡುವವನು; ಜೋರು ಮಳೆಯ ದಿನ ಚರ್ಮದ ಶೂ ಹಾಕಿಕೊಂಡು ಹೋಗಲಾಗದು, ಹೋಗಲೂಬಾರದು. ಅದಕ್ಕೆ 40 ದಿನ ಬಿಟ್ಟೆವು. ಹೀಗೆ ಚರ್ಮದ ಶೂ ನಿಜವಾಗಿ ಕಾಲಿನಲ್ಲಿ ಇರುವುದು ವರ್ಷಕ್ಕೆ 210 ದಿನ ಎಂದು ಬಂತು.

ನಿಮ್ಮ ಲೆಕ್ಕ ಇದಕ್ಕಿಂತ ಬಹಳ ಬೇರೆಯಾಗಿರಬಹುದು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೆ ವಾರದಲ್ಲಿ ಎರಡು ದಿನ ಮಾತ್ರ ಹೋಗುವವರು, ಆ ಎರಡು ದಿನವೂ ಕ್ಯಾನ್ವಾಸ್ ಶೂ ನಡೆಯುವ ಕಡೆ ಕೆಲಸ ಮಾಡುವವರು, ಫಾರ್ಮಲ್ ಶೂವನ್ನು ವರ್ಷಕ್ಕೆ ಹತ್ತು ಸಲವೂ ತೆಗೆಯುವುದಿಲ್ಲ. ಅಂಥವರು ಅದಕ್ಕೆ ದೊಡ್ಡ ಮೊತ್ತ ಹಾಕಿದರೆ ಯಾವ ಗುಣಮಟ್ಟವೂ ಆ ಖರ್ಚನ್ನು ತೀರಿಸಲಾರದು. ನೀವು ಕೆಲಸಕ್ಕೆ ಆಗಲೇ ಸೇರಿದ್ದರೆ ಮೊದಲ ಎರಡು ವಾರ ಇರುವ ಶೂವಿನಲ್ಲೇ ಹೋಗಿ, ಅಲ್ಲಿ ಇತರರು ಏನು ಹಾಕಿಕೊಳ್ಳುತ್ತಾರೆ ಎಂದು ನೋಡಿ, ಆಮೇಲೆ ಈ ಸಂಖ್ಯೆಯನ್ನು ಬರೆಯುವುದು ಒಳ್ಳೆಯದು.

ಒಂದು ಜೋಡಿ ಎಷ್ಟು ದಿನ ಬಾಳುತ್ತದೆ ಎಂದು ಅಂದಾಜು ಮಾಡುವುದು ಹೇಗೆ?

ಇಡೀ ಶೂ ಒಟ್ಟಿಗೆ ಹಾಳಾಗುವುದಿಲ್ಲ. ಯಾವುದೋ ಒಂದು ಭಾಗ ಮೊದಲು ಸೋಲುತ್ತದೆ. ಆ ಭಾಗ ಯಾವುದು, ಅದನ್ನು ಬದಲಾಯಿಸಬಹುದೇ ಎನ್ನುವ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯುಷ್ಯದ ಅಂದಾಜು ಸಿಗುತ್ತದೆ.

ರೆಕ್ಸಿನ್ ಶೂಗಳಲ್ಲಿ ಮೊದಲು ಸೋಲುವುದು ಬೆರಳುಗಳ ಹಿಂದೆ, ನಡೆಯುವಾಗ ಮಡಚಿಕೊಳ್ಳುವ ಜಾಗ. ರೆಕ್ಸಿನ್ ಎಂದರೆ ಬಟ್ಟೆಯ ಮೇಲೆ ಹಚ್ಚಿದ ಪ್ಲಾಸ್ಟಿಕ್ ಪದರ. ಮಡಿಕೆಯ ಗೆರೆಯಲ್ಲಿ ಆ ಪದರ ಬಿರಿದು ಸಿಪ್ಪೆಯಂತೆ ಏಳುತ್ತದೆ, ಮತ್ತು ಅದಕ್ಕೆ ಯಾವ ರಿಪೇರಿಯೂ ಇಲ್ಲ. ಚರ್ಮದ ಶೂವಿನಲ್ಲಿ ಮೇಲ್ಭಾಗ ಸುಲಭವಾಗಿ ಬಿರಿಯುವುದಿಲ್ಲ. ಅಲ್ಲಿ ಮೊದಲು ಸವೆಯುವುದು ಹಿಮ್ಮಡಿಯ ಹಿಂಬದಿಯ ಹೊರ ಅಂಚು, ಮತ್ತು ಒಳಗೆ ಹಿಮ್ಮಡಿ ತಾಗುವ ಲೈನಿಂಗ್. ಇವೆರಡನ್ನೂ ಕಡಿಮೆ ಕೂಲಿಯಲ್ಲಿ ಸರಿಪಡಿಸಬಹುದು. ಚರ್ಮಕ್ಕೆ ಹೆಚ್ಚು ಹಣ ಕೊಡುವುದಕ್ಕೆ ನಿಜವಾದ ಕಾರಣ ಇದು. ಹೊಳಪು, ವಾಸನೆ ಮೊದಲಾದವು ನಂತರದ ಮಾತು.

ಇನ್ನೊಂದು ಮಿತಿಯ ಬಗ್ಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಲವು ಅಟ್ಟೆಗಳು ಹಾಕಿಕೊಂಡಷ್ಟೂ ಸವೆಯುತ್ತವೆ. ಕೆಲವು ಹಾಕಿಕೊಳ್ಳದಿದ್ದರೂ ಕಾಲ ಕಳೆದಂತೆ ತಾವಾಗಿಯೇ ಪುಡಿಯಾಗುತ್ತವೆ. ಎರಡನೆಯ ಗುಂಪಿಗೆ ಸೇರಿದ್ದು ಪಿಯು, ಅಂದರೆ ಪಾಲಿಯುರೆಥೇನ್ ಅಟ್ಟೆ. ಅದು ಹಗುರ, ಮೆತ್ತಗೆ, ಹಾಕಿಕೊಂಡ ಕ್ಷಣದಲ್ಲೇ ಹಿತವೆನಿಸುತ್ತದೆ. ಹಾಗಾಗಿಯೇ ಮಧ್ಯಮ ಬೆಲೆಯ ಬಹಳಷ್ಟು ಶೂಗಳಲ್ಲಿ ಅದನ್ನು ಬಳಸುತ್ತಾರೆ. ಆದರೆ ಗಾಳಿಯಲ್ಲಿರುವ ತೇವ ಅದರೊಳಗೆ ಸೇರಿ, ಅದರ ರಾಸಾಯನಿಕ ಬಂಧಗಳನ್ನು ನಿಧಾನವಾಗಿ ಮುರಿಯುತ್ತದೆ. ಮೂರು ನಾಲ್ಕು ವರ್ಷ ಕಪಾಟಿನಲ್ಲಿ ಜೋಪಾನವಾಗಿಟ್ಟ ಶೂವನ್ನು ಮದುವೆಗೆಂದು ತೆಗೆದು ಹಾಕಿಕೊಂಡಾಗ, ಛತ್ರದ ಮೆಟ್ಟಿಲು ಹತ್ತುವಷ್ಟರಲ್ಲಿ ಅಟ್ಟೆ ಒಣ ರೊಟ್ಟಿಯಂತೆ ತುಂಡುತುಂಡಾಗಿ ಉದುರಿದ ಅನುಭವ ಅನೇಕರಿಗೆ ಇದೆ. ಅದು ಈ ಕಾರಣದಿಂದಲೇ ಆಗುವುದು. ಮಂಗಳೂರು, ಉಡುಪಿ, ಕಾರವಾರದಂಥ ತೇವದ ಊರುಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ತಡೆಯುವ ಬದಲು ಹೆಚ್ಚಾಗಬಹುದು. ಅಟ್ಟೆಯ ಪಕ್ಕಕ್ಕೆ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ: ಉಗುರಿನ ಗುರುತು ಹಾಗೆಯೇ ಉಳಿದರೆ, ಅಂಟಂಟಾದರೆ ಅಥವಾ ಪುಡಿ ಎದ್ದರೆ ಅದರ ಕಾಲ ಮುಗಿಯಿತು.

ಟಿಪಿಆರ್ ಎಂದು ಕರೆಯುವ ಥರ್ಮೋಪ್ಲಾಸ್ಟಿಕ್ ರಬ್ಬರ್ ಅಟ್ಟೆ ಮತ್ತು ಸಾಮಾನ್ಯ ರಬ್ಬರ್ ಅಟ್ಟೆ ಹೀಗೆ ತೇವಕ್ಕೆ ಪುಡಿಯಾಗುವುದಿಲ್ಲ. ಅವು ಸ್ವಲ್ಪ ಭಾರ, ಆದರೆ ಸವೆಯುವುದು ನಡೆದಷ್ಟು ಮಾತ್ರ. ಪಿವಿಸಿ ಅಟ್ಟೆ ಅಗ್ಗ ಮತ್ತು ಗಟ್ಟಿ, ಆದರೆ ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ. ಅಟ್ಟೆ ಯಾವುದರದ್ದು ಎನ್ನುವುದನ್ನು ಪೆಟ್ಟಿಗೆಯ ಮೇಲೋ ಅಟ್ಟೆಯ ಅಡಿಯಲ್ಲೋ ಅಂತರ್ಜಾಲದ ಮಾರಾಟದ ಪುಟದಲ್ಲೋ ಸಾಮಾನ್ಯವಾಗಿ ನಮೂದಿಸಿರುತ್ತಾರೆ, ಇಲ್ಲದಿದ್ದರೆ ಕೇಳಿ. ಪಿಯು ಅಟ್ಟೆಯ ಶೂವನ್ನೇ ಕೊಳ್ಳುವುದಾದರೆ ಪೆಟ್ಟಿಗೆಯ ಮೇಲೆ ಅಂಟಿಸಿದ ಬೆಲೆಯ ಚೀಟಿಯಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಓದಿ. ಅರ್ಧ ಬೆಲೆಗೆ ಸಿಗುವ ಹಳೆಯ ದಾಸ್ತಾನು ಎರಡು ವರ್ಷ ಗೋದಾಮಿನಲ್ಲಿ ಇದ್ದಿದ್ದರೆ ಅದರ ಆಯುಷ್ಯದ ಒಂದು ಭಾಗ ಅಲ್ಲೇ ಕಳೆದಿರುತ್ತದೆ.

ಅಂಗಡಿಯಲ್ಲಿ ಚರ್ಮವನ್ನೂ ಹೊಲಿಗೆಯನ್ನೂ ಪರೀಕ್ಷಿಸುವುದು ಹೇಗೆ?

ಹಲವು ಜೋಡಿಗಳ ಒಳಗೆ ಅಥವಾ ಅಟ್ಟೆಯ ಅಡಿಯಲ್ಲಿ ಸಣ್ಣ ಚಿತ್ರಗಳಿರುತ್ತವೆ. ಹರಡಿದ ಪ್ರಾಣಿಯ ಚರ್ಮದ ಆಕಾರವಿದ್ದರೆ ಅದು ಚರ್ಮ, ಆ ಆಕಾರದ ನಡುವೆ ವಜ್ರಾಕೃತಿಯ ಗುರುತಿದ್ದರೆ ಮೇಲೆ ಪ್ಲಾಸ್ಟಿಕ್ ಲೇಪಿಸಿದ ಚರ್ಮ, ಬರೀ ವಜ್ರಾಕೃತಿ ಇದ್ದರೆ ಬೇರೆ ವಸ್ತು, ಬಲೆಯಂತಿದ್ದರೆ ಬಟ್ಟೆ. ಮೇಲ್ಭಾಗ, ಒಳಭಾಗ, ಅಟ್ಟೆ ಮೂರಕ್ಕೂ ಬೇರೆ ಬೇರೆ ಗುರುತು ಇರುವುದರಿಂದ ಯಾವುದು ಯಾವುದಕ್ಕೆ ಸೇರಿದ್ದು ಎಂದು ನೋಡಿಕೊಳ್ಳಬೇಕು.

ಆಮೇಲೆ ಕೈಯಿಂದ ಪರೀಕ್ಷಿಸಿ. ಬೆರಳಿನ ಭಾಗವನ್ನು ಮೆಲ್ಲಗೆ ಒಳಕ್ಕೆ ಒತ್ತಿದಾಗ ನಮ್ಮ ಕೈಯ ಚರ್ಮದಂತೆ ಸಣ್ಣ ಸಣ್ಣ ಸುಕ್ಕುಗಳು ಎದ್ದು, ಬಿಟ್ಟಾಗ ಮಾಯವಾದರೆ ಒಳ್ಳೆಯ ಲಕ್ಷಣ. ಒಂದೇ ಅಗಲವಾದ ಮಡಿಕೆ ಬಿದ್ದರೆ, ಅಥವಾ ಮಡಿಕೆಯ ಗೆರೆ ಬೆಳ್ಳಗಾದರೆ, ಮೇಲಿನ ಲೇಪನ ದಪ್ಪವಾಗಿದೆ ಎಂದರ್ಥ. ಚರ್ಮವೇ ಆಗಿದ್ದರೂ ಅದು ರೆಕ್ಸಿನ್‌ನಂತೆಯೇ ಬಿರಿಯುತ್ತದೆ. ಲೇಸ್ ಕೆಳಗಿನ ನಾಲಿಗೆಯ ಅಂಚು ಹಲವು ಶೂಗಳಲ್ಲಿ ಕತ್ತರಿಸಿದ ಹಾಗೆಯೇ ಇರುತ್ತದೆ. ಅಲ್ಲಿ ನಾರುನಾರಾಗಿ ಕಂಡರೆ ಚರ್ಮ. ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್. ವಾಸನೆಯನ್ನು ನಂಬಬೇಡಿ, ಅದನ್ನು ಸೇರಿಸುವುದು ಬಹಳ ಸುಲಭ.

ಅಟ್ಟೆಯ ಜೋಡಣೆಯ ವಿಷಯದಲ್ಲಿ ನಮಗೆ ಬೇಕಾದ ವ್ಯತ್ಯಾಸ ಒಂದೇ. ಹೆಚ್ಚಿನ ಶೂಗಳಲ್ಲಿ ಅಟ್ಟೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಗುಡ್‌ಇಯರ್ ವೆಲ್ಟ್ ಎನ್ನುವ ವಿಧಾನದಲ್ಲಿ ಮೇಲ್ಭಾಗಕ್ಕೆ ಸುತ್ತಲೂ ಒಂದು ಚರ್ಮದ ಪಟ್ಟಿಯನ್ನು ಹೊಲಿದು, ಆ ಪಟ್ಟಿಗೆ ಅಟ್ಟೆಯನ್ನು ಹೊಲಿದಿರುತ್ತಾರೆ. ಹೀಗಿದ್ದರೆ ಸವೆದ ಅಟ್ಟೆಯನ್ನು ಬಿಚ್ಚಿ ಹೊಸದನ್ನು ಹೊಲಿಯಬಹುದು, ಮೇಲ್ಭಾಗಕ್ಕೆ ಪೆಟ್ಟಾಗುವುದಿಲ್ಲ. ಆದರೆ ಅಂಚಿನಲ್ಲಿ ಹೊಲಿಗೆ ಕಂಡ ಮಾತ್ರಕ್ಕೆ ಅದು ವೆಲ್ಟ್ ಅಲ್ಲ. ಅಚ್ಚಿನಲ್ಲಿ ಮೂಡಿಸಿದ ಹೊಲಿಗೆಯ ಆಕಾರವೂ ಇರುತ್ತದೆ, ಅಲಂಕಾರಕ್ಕೆಂದು ಹಾಕಿದ ದಾರವೂ ಇರುತ್ತದೆ. ಇಂಥ ಶೂ ಕೊಳ್ಳುವ ಮೊದಲು, ಹೊಸ ಅಟ್ಟೆಯನ್ನು ಯಾರು, ಎಲ್ಲಿ, ಎಷ್ಟಕ್ಕೆ ಹಾಕಿಕೊಡುತ್ತಾರೆ ಎಂದು ಮಾರುವವರನ್ನೇ ಕೇಳಿ. ಉತ್ತರ ಸಿಗದಿದ್ದರೆ ಆ ಹೊಲಿಗೆಗೆ ಕೊಡುವ ಹೆಚ್ಚುವರಿ ಹಣ ನಿಮಗೆ ಎಂದೂ ಉಪಯೋಗಕ್ಕೆ ಬರುವುದಿಲ್ಲ.

ಹಾಗಾದರೆ ದುಬಾರಿ ಶೂ ನಿಜವಾಗಿ ಅಗ್ಗವೇ? ಲೆಕ್ಕ ಮಾಡಿ ತೋರಿಸಿ.

ನಾವು ಮೂರು ಜೋಡಿಗಳನ್ನು ಎದುರಿಗಿಟ್ಟುಕೊಂಡು ಲೆಕ್ಕ ಮಾಡಿದೆವು. ಬೆಲೆಗಳು ಅಂದು ನಾವು ಕೇಳಿಕೊಂಡು ಬಂದವು. ಬಾಳಿಕೆಯ ಸಂಖ್ಯೆಗಳು ಅಂಗಡಿಯ ಅನುಭವದಿಂದ ನಾನು ಹಾಕಿದ ಅಂದಾಜು. ನಿಮ್ಮ ಊರಿನ ಬೆಲೆಯನ್ನು ಹಾಕಿ ಇದೇ ಕ್ರಮದಲ್ಲಿ ಮಾಡಿಕೊಳ್ಳಬಹುದು.

ಮೊದಲನೆಯದು 1,100 ರೂಪಾಯಿಯ ರೆಕ್ಸಿನ್ ಶೂ, ಪಿವಿಸಿ ಅಟ್ಟೆ. ಆರೈಕೆಗೆ ಖರ್ಚಿಲ್ಲ. ದಿನವೂ ಹಾಕಿದರೆ ಸುಮಾರು 130 ದಿನಕ್ಕೆ ಮಡಿಕೆಯಲ್ಲಿ ಬಿರಿಯುತ್ತದೆ. 1,100 ಭಾಗಿಸು 130, ಅಂದರೆ ದಿನಕ್ಕೆ ಸುಮಾರು 8 ರೂಪಾಯಿ 46 ಪೈಸೆ.

ಎರಡನೆಯದು 3,200 ರೂಪಾಯಿಯ ಚರ್ಮದ ಶೂ, ಅಂಟಿಸಿದ ಟಿಪಿಆರ್ ಅಟ್ಟೆ. ಹಿಮ್ಮಡಿಯ ತುಂಡನ್ನು ಎರಡು ಸಲ ಬದಲಾಯಿಸಲು 400, ಪಾಲಿಶ್ ಮತ್ತು ಬ್ರಷ್‌ಗೆ 500. ಒಟ್ಟು 4,100. ಒಂದು ದಿನ ಹಾಕಿ ಒಂದು ದಿನ ಬಿಡುವು ಕೊಟ್ಟು ನೋಡಿಕೊಂಡರೆ 500 ದಿನ ಬಾಳುತ್ತದೆ. ದಿನಕ್ಕೆ 8 ರೂಪಾಯಿ 20 ಪೈಸೆ.

ಮೂರನೆಯದು 9,500 ರೂಪಾಯಿಯ ವೆಲ್ಟ್ ಹೊಲಿಗೆಯ ಶೂ. ಒಮ್ಮೆ ಹೊಸ ಅಟ್ಟೆ ಹಾಕಿಸಲು 3,000, ವರ್ಷಗಟ್ಟಲೆ ಆರೈಕೆಗೆ 1,500. ಒಟ್ಟು 14,000. 1,000 ದಿನ ಬಾಳಿದರೆ ದಿನಕ್ಕೆ 14 ರೂಪಾಯಿ. ಎರಡನೆಯ ಜೋಡಿಯ 8 ರೂಪಾಯಿ 20 ಪೈಸೆಗೆ ಇಳಿಯಬೇಕಾದರೆ ಇದು 1,700 ದಿನಗಳಿಗಿಂತ ಹೆಚ್ಚು ಬಾಳಬೇಕು. ನಮ್ಮ ಹುಡುಗ ವರ್ಷಕ್ಕೆ 210 ದಿನ ಇದೊಂದನ್ನೇ ಹಾಕಿದರೂ ಅದಕ್ಕೆ ಎಂಟು ವರ್ಷ ಬೇಕು.

ಇದನ್ನು ನೋಡಿ ಅವನಿಗೆ ಆಶ್ಚರ್ಯವಾಯಿತು. ಈ ಬೆಲೆಗಳಲ್ಲಿ ಅತಿ ದುಬಾರಿಯದು ಅಗ್ಗವಾಗಲಿಲ್ಲ; ಅತಿ ಅಗ್ಗದ್ದಕ್ಕೂ ಮಧ್ಯದ್ದಕ್ಕೂ ದಿನಕ್ಕೆ ಕಾಲು ರೂಪಾಯಿಯಷ್ಟೇ ವ್ಯತ್ಯಾಸ. ನನ್ನ ಅಭಿಪ್ರಾಯದಲ್ಲಿ ಪ್ರತಿ ಬಳಕೆಯ ಲೆಕ್ಕದ ನಿಜವಾದ ಉಪಯೋಗ ಇಲ್ಲಿಯೇ ಇದೆ. ಹೆಚ್ಚಿನ ಬೆಲೆಯನ್ನು ಸಮರ್ಥಿಸಿಕೊಳ್ಳಲು ಅದನ್ನು ಬಳಸುವವರೇ ಹೆಚ್ಚು. ಆದರೆ ಆ ಬೆಲೆಯನ್ನು ಗಳಿಸಿಕೊಳ್ಳಲು ಶೂ ಎಷ್ಟು ದಿನ ದುಡಿಯಬೇಕು ಎಂದು ಅದು ತಿಳಿಸುತ್ತದೆ. ಎರಡನೆಯ ಜೋಡಿಯ 4,100 ರೂಪಾಯಿಯನ್ನು ಮೊದಲನೆಯದರ 8 ರೂಪಾಯಿ 46 ಪೈಸೆಯಿಂದ ಭಾಗಿಸಿದರೆ 485 ಬರುತ್ತದೆ. 485 ದಿನ ದಾಟಿದರೆ ಮಾತ್ರ ಚರ್ಮದ ಶೂ ರೆಕ್ಸಿನ್‌ಗಿಂತ ಅಗ್ಗ. ಆರೈಕೆಯಿಲ್ಲದೆ 300 ದಿನಕ್ಕೇ ಹಾಳಾದರೆ, ಪಾಲಿಶ್‌ಗೆ 200 ರೂಪಾಯಿಯಷ್ಟೇ ಖರ್ಚಾಗಿದ್ದರೂ, ದಿನಕ್ಕೆ 11 ರೂಪಾಯಿ ದಾಟುತ್ತದೆ. ಬೆಲೆ ಪಟ್ಟಿಯ ಜೊತೆಗೆ ನಿಮ್ಮ ಸ್ವಭಾವವನ್ನೂ ನೋಡಿಕೊಳ್ಳಬೇಕು. ವಾರಕ್ಕೊಮ್ಮೆ ಬ್ರಷ್ ಹಿಡಿಯುವ ಅಭ್ಯಾಸ ಇಲ್ಲದವರಿಗೆ 1,100 ರೂಪಾಯಿಯ ಜೋಡಿ ನಷ್ಟವೇನೂ ಅಲ್ಲ.

ಹಾಗಿದ್ದೂ ನಾನು ಅವನಿಗೆ ಎರಡನೆಯದನ್ನೇ ಹೇಳಿದೆ. ಬೆಲೆ ಸಮವಾಗಿರುವಾಗ ಇಡೀ ದಿನ ಕಾಲು ಬೆವರುವ ಕೆಲಸದಲ್ಲಿ ಚರ್ಮ ಒಳ್ಳೆಯದು, ಏಕೆಂದರೆ ಬೆವರಿನ ತೇವವನ್ನು ಅದು ಹೀರಿ ಹೊರಗೆ ಬಿಡುತ್ತದೆ, ರೆಕ್ಸಿನ್ ಬಿಡುವುದಿಲ್ಲ. ಅದೂ ಅಲ್ಲದೆ ರೆಕ್ಸಿನ್ ಶೂ ತನ್ನ ಕೊನೆಯ ಒಂದು ತಿಂಗಳು ಬಿರಿದ ಮುಖದಲ್ಲೇ ಕೌಂಟರಿನ ಮುಂದೆ ಕೂರುತ್ತದೆ. ಮೂರನೆಯದನ್ನು ಬೇಡವೆಂದದ್ದು, ಅದು ಕೆಟ್ಟದ್ದೆಂದಲ್ಲ. ವರ್ಗಾವಣೆಯಾಗಬಹುದು, ಕೆಲಸ ಬದಲಾಗಬಹುದು, ಪಾದವೇ ಅಗಲವಾಗಬಹುದು. ಎಂಟು ವರ್ಷ ಮುಂದಿನ ಭರವಸೆಯ ಮೇಲೆ ಮೊದಲ ಸಂಬಳದ ದೊಡ್ಡ ಪಾಲನ್ನು ಇಡುವುದು ಸರಿಯೆನಿಸಲಿಲ್ಲ.

ಒಂದೇ ಸಲ ಎರಡು ಜೋಡಿ ಕೊಳ್ಳಬೇಕೇ?

ಚರ್ಮದ ಶೂ ಒಂದು ದಿನದಲ್ಲಿ ಹೀರಿದ ಬೆವರು ಒಂದು ರಾತ್ರಿಯಲ್ಲಿ ಪೂರ್ತಿ ಒಣಗುವುದಿಲ್ಲ. ಹಸಿ ಇರುವಾಗಲೇ ಮತ್ತೆ ಹಾಕಿಕೊಂಡರೆ ಒಳಗಿನ ಲೈನಿಂಗ್ ಕೊಳೆಯುತ್ತದೆ, ಮಡಿಕೆಗಳು ಆಳವಾಗುತ್ತವೆ. ಆದ್ದರಿಂದ ಎರಡು ಜೋಡಿಗಳನ್ನು ದಿನ ಬಿಟ್ಟು ದಿನ ಹಾಕಿದರೆ ಅವೆರಡರ ಒಟ್ಟು ಬಾಳಿಕೆ, ಒಂದಾದ ಮೇಲೆ ಒಂದು ಸವೆಸಿದ್ದಕ್ಕಿಂತ ಹೆಚ್ಚು.

ಆದರೆ ಮೇಲೆ ಹೇಳಿದ ಪಿಯು ಅಟ್ಟೆಯ ಮಾತನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ವರ್ಷಕ್ಕೆ 210 ದಿನಗಳನ್ನು ಎರಡು ಜೋಡಿಗೆ ಹಂಚಿದರೆ ಒಂದೊಂದಕ್ಕೆ 105 ದಿನ. 500 ದಿನ ಮುಟ್ಟಲು ಸುಮಾರು ನಾಲ್ಕು ಮುಕ್ಕಾಲು ವರ್ಷ ಬೇಕು. ಅಷ್ಟರಲ್ಲಿ, ಮೂರನೆಯ ವರ್ಷದ ಕೊನೆಗೆ, ಪಿಯು ಅಟ್ಟೆ ಪುಡಿಯಾಯಿತೆಂದು ಇಟ್ಟುಕೊಳ್ಳಿ. ಆಗ ಹಾಕಿದ್ದು 315 ದಿನ ಮಾತ್ರ. ಅಲ್ಲಿಯವರೆಗಿನ ಖರ್ಚು 3,800 ಎಂದಾದರೆ ದಿನಕ್ಕೆ 12 ರೂಪಾಯಿ ಬೀಳುತ್ತದೆ. ಮೇಲ್ಭಾಗ ಇನ್ನೂ ಚೆನ್ನಾಗಿರುವಾಗಲೇ ಶೂ ಹೋಯಿತು. ಹೀಗಾಗಿ ಎರಡು ಜೋಡಿ ಇಟ್ಟುಕೊಳ್ಳುವವರು ಟಿಪಿಆರ್ ಅಥವಾ ರಬ್ಬರ್ ಅಟ್ಟೆಯನ್ನೇ ಆರಿಸಬೇಕು. ಪಿಯು ಅಟ್ಟೆಯ ಶೂ ಕೊಂಡವರು ಅದನ್ನು ಎತ್ತಿಡದೆ ಬೇಗ ಹಾಕಿ ಮುಗಿಸಬೇಕು. "ಒಂದು ಕೊಂಡರೆ ಒಂದು ಉಚಿತ" ಎಂಬ ಕೊಡುಗೆಯಲ್ಲಿ ಪಿಯು ಅಟ್ಟೆಯ ನಾಲ್ಕು ಜೋಡಿ ತಂದು ಸಾಲಾಗಿ ಇಟ್ಟವರಲ್ಲಿ ಕೊನೆಯ ಜೋಡಿಯನ್ನು ಸರಿಯಾಗಿ ಬಳಸಿದವರನ್ನು ನಾನು ಕಂಡಿಲ್ಲ.

ಹುಡುಗ ಮೊದಲು ಒಂದೇ ಜೋಡಿ ಕೊಂಡ, ಸಂದರ್ಶನಕ್ಕೆಂದು ಹಿಂದೆ ತಂದಿದ್ದ ಹಳೆಯ ಶೂವಿನೊಂದಿಗೆ ಅದನ್ನು ಸರದಿಯಲ್ಲಿ ಬಳಸಿದ, ನಾಲ್ಕು ತಿಂಗಳ ಸಂಬಳವಾದ ಮೇಲೆ ಎರಡನೆಯದನ್ನು ಕೊಂಡ. ಮಳೆಗೆ ತೊಳೆದು ಒರೆಸುವಂಥ ಪ್ಲಾಸ್ಟಿಕ್ ಶೂ ಒಂದನ್ನು ಬೇರೆಯಾಗಿ ತಂದ.

ಅಳತೆ ತಪ್ಪಿದರೆ ಲೆಕ್ಕ ಏನಾಗುತ್ತದೆ?

ಕಚ್ಚುವ ಶೂವನ್ನು ನಾಲ್ಕು ದಿನ ಹಾಕಿ ಮೂಲೆಗೆ ಎಸೆದರೆ 3,200 ರೂಪಾಯಿಯ ಜೋಡಿಗೆ ದಿನಕ್ಕೆ 800 ರೂಪಾಯಿ ಆಯಿತು. ಮೇಲಿನ ಎಲ್ಲ ಲೆಕ್ಕವೂ ಇದೊಂದರಿಂದ ಮುರಿದು ಬೀಳುತ್ತದೆ.

ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿಕೊಂಡಿರುವುದರಿಂದ ಸಂಜೆಯೇ ಅಂಗಡಿಗೆ ಹೋಗಿ, ದಿನವೂ ಹಾಕುವ ಕಾಲುಚೀಲದೊಡನೆ ಎರಡೂ ಕಾಲಿಗೆ ಹಾಕಿ ನೋಡಿ. ದೊಡ್ಡದಾಗಿರುವ ಪಾದಕ್ಕೆ ತಕ್ಕಂತೆ ಅಳತೆ ಆರಿಸಿ. ನಮ್ಮಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ, ಅಂದರೆ ಇಂಚಿನ ಮೂರನೆಯ ಒಂದು ಭಾಗ. ಅರ್ಧ ಸಂಖ್ಯೆ ಸಿಗುವಲ್ಲಿ ಅದನ್ನೂ ಹಾಕಿ ನೋಡಿ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗವಿರಬೇಕು, ಮತ್ತು ಪಾದದ ಅತಿ ಅಗಲವಾದ ಭಾಗ ಶೂವಿನ ಅತಿ ಅಗಲವಾದ ಭಾಗದಲ್ಲೇ ಕೂರಬೇಕು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸರ್" ಎಂದು ನಾನೂ ಒಂದು ಕಾಲದಲ್ಲಿ ಗಿರಾಕಿಗಳಿಗೆ ಹೇಳಿದ್ದೇನೆ. ಆ ಮಾತು ಅಗಲಕ್ಕೆ ಸ್ವಲ್ಪ ಮಟ್ಟಿಗೆ ನಿಜ, ಉದ್ದಕ್ಕೆ ಎಂದೂ ನಿಜವಲ್ಲ. ಬೆರಳಿನ ತುದಿ ತಾಗುತ್ತಿದ್ದರೆ ಬಿಟ್ಟುಬಿಡಿ. ಕಾರ್ಪೆಟ್ ಬಿಟ್ಟು ಗಟ್ಟಿ ನೆಲದ ಮೇಲೆ ಹತ್ತು ನಿಮಿಷ ನಡೆಯಿರಿ.

ಮದುವೆಗೆ, ಓಟಕ್ಕೆ ಕೊಳ್ಳುವ ಶೂಗಳಿಗೂ ಇದೇ ಲೆಕ್ಕವೇ?

ವರ್ಷಕ್ಕೆ ನಾಲ್ಕು ಸಲ ಹಾಕುವ ಶೂವಿಗೆ ಈ ಲೆಕ್ಕವನ್ನು ತಿರುಗಿಸಿ ಮಾಡಿ: ಒಂದು ಸಲಕ್ಕೆ ಎಷ್ಟು ಕೊಡಲು ಮನಸ್ಸಿದೆ ಎಂದು ಮೊದಲು ನಿರ್ಧರಿಸಿ, ಅದನ್ನು ಸಲಗಳಿಂದ ಗುಣಿಸಿ. ಸಲಕ್ಕೆ 100 ರೂಪಾಯಿ, ಮೂರು ವರ್ಷದಲ್ಲಿ 12 ಸಲ ಎಂದರೆ 1,200 ರೂಪಾಯಿ ನಿಮ್ಮ ಮೇಲ್ಮಿತಿ. ಓಟದ ಶೂಗಳನ್ನು ದಿನದಿಂದ ಎಣಿಸಬಾರದು, ಕಿಲೋಮೀಟರಿನಿಂದ ಎಣಿಸಬೇಕು. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಅವುಗಳ ಒಳಗಿನ ಮೆತ್ತೆ ಕುಗ್ಗಿಬಿಡುತ್ತದೆ, ಮೇಲ್ಭಾಗ ಹೊಸದರಂತೆ ಕಂಡರೂ.

ಬಿಲ್ಲಿನಲ್ಲಿ ಗಮನಿಸಬೇಕಾದದ್ದು ಏನಾದರೂ ಇದೆಯೇ?

2025ರ ಸೆಪ್ಟೆಂಬರ್ 22ರಿಂದ, ಜೋಡಿಗೆ 2,500 ರೂಪಾಯಿಯವರೆಗಿನ ಪಾದರಕ್ಷೆಗೆ ಶೇ. 5 ಜಿಎಸ್‌ಟಿ, ಅದಕ್ಕಿಂತ ಮೇಲಿನದಕ್ಕೆ ಶೇ. 18. ತೆರಿಗೆಗೆ ಮುಂಚೆ 2,500 ರೂಪಾಯಿ ಇರುವ ಶೂ ಕೈಗೆ 2,625ಕ್ಕೆ ಬಂದರೆ, 2,600 ಇರುವುದು 3,068ಕ್ಕೆ ಬರುತ್ತದೆ. ನೂರು ರೂಪಾಯಿಯ ಹೆಚ್ಚಿನ ಗುಣಕ್ಕೆ 443 ರೂಪಾಯಿ ಕೊಟ್ಟಂತಾಯಿತು. ಆ ಗಡಿಯ ಆಸುಪಾಸಿನಲ್ಲಿರುವ ಎರಡು ಜೋಡಿಗಳಲ್ಲಿ ಆರಿಸುವಾಗ ಇದು ನೆನಪಿರಲಿ.

ರಿಪೇರಿಗೆ ಯಾವಾಗ ಹಣ ಹಾಕಬೇಕು, ಯಾವಾಗ ಬಿಡಬೇಕು?

ಇಲ್ಲಿ ಶೂವಿನ ಮೂಲ ಬೆಲೆಯನ್ನು ಪೂರ್ತಿ ಮರೆತುಬಿಡಬೇಕು, ಏಕೆಂದರೆ ಆ ಹಣ ಆಗಲೇ ಹೋಗಿದೆ. ರಿಪೇರಿಯ ಕೂಲಿಯನ್ನು ಅದರಿಂದ ಸಿಗುವ ಹೆಚ್ಚಿನ ದಿನಗಳಿಂದ ಭಾಗಿಸಿ, ಬಂದದ್ದನ್ನು ಹೊಸ ಶೂವಿನ ದಿನದ ವೆಚ್ಚದೊಂದಿಗೆ ಹೋಲಿಸಿ. ಹಿಮ್ಮಡಿಯ ತುಂಡಿಗೆ 200 ರೂಪಾಯಿ, ಅದರಿಂದ 150 ದಿನ ಸಿಕ್ಕಿತು ಎಂದರೆ ದಿನಕ್ಕೆ ಒಂದೂಕಾಲು ರೂಪಾಯಿಗಿಂತ ಸ್ವಲ್ಪ ಹೆಚ್ಚು, ಯೋಚಿಸದೆ ಮಾಡಿಸಿ. ಮೇಲ್ಭಾಗ ಬಿರಿಯಲು ಶುರುವಾದ ಶೂವಿಗೆ 1,200 ಕೊಟ್ಟು ಅಟ್ಟೆ ಹಾಕಿಸಿ ಇನ್ನು 60 ದಿನ ಮಾತ್ರ ಹಾಕಿದರೆ ದಿನಕ್ಕೆ 20 ರೂಪಾಯಿ, ಅದನ್ನು ಬಿಡಬೇಕು.

ಹಿಮ್ಮಡಿಯ ಕೆಳಗಿನ ತುಂಡು ಸವೆದು ಮೇಲಿನ ಗಟ್ಟಿ ಭಾಗ ನೆಲಕ್ಕೆ ತಾಗುವ ಮೊದಲೇ ಕೊಟ್ಟರೆ ಕೆಲಸ ಸಣ್ಣದು. ತಾಗಿದ ಮೇಲೆ ಕೊಟ್ಟರೆ ಆ ಭಾಗವನ್ನೂ ಕಟ್ಟಬೇಕಾಗುತ್ತದೆ. ಅಟ್ಟೆ ಬಾಯಿ ಬಿಟ್ಟಾಗ ಮನೆಯ ಅಂಟನ್ನು ಸುರಿಯಬೇಡಿ. ಅದು ಗಟ್ಟಿಯಾಗಿ, ನಡೆಯುವಾಗ ಮುರಿದು, ಆಮೇಲೆ ಸರಿಯಾದ ಅಂಟು ಹಿಡಿಯಲು ಬಿಡುವುದಿಲ್ಲ. ರಸ್ತೆ ಬದಿಯಲ್ಲಿ ಶೂ ರಿಪೇರಿ ಮಾಡುವ ಅನುಭವಸ್ಥರು ಎರಡೂ ಮೈಯನ್ನು ಉಜ್ಜಿ ಒರಟು ಮಾಡಿ, ಎರಡಕ್ಕೂ ಅಂಟು ಹಚ್ಚಿ, ಸ್ವಲ್ಪ ಆರಲು ಬಿಟ್ಟು ಒತ್ತುತ್ತಾರೆ. ಕೇಳಿದರೆ ಸುತ್ತ ಹೊಲಿಗೆಯನ್ನೂ ಹಾಕಿಕೊಡುತ್ತಾರೆ. ನೆನೆದ ಶೂವಿನೊಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಆರಿಸಿ. ಬಿಸಿಲಿಗೋ ಒಲೆಯ ಹತ್ತಿರವೋ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ, ಅಂಟೂ ಸಡಿಲವಾಗುತ್ತದೆ.

ಬೈಕ್ ಓಡಿಸುವವರಿಗೆ ಒಂದು ಮಾತು: ಗೇರ್ ಬದಲಾಯಿಸುವ ಎಡಗಾಲಿನ ಶೂ ಬೆರಳಿನ ಮೇಲೆ ಬಲಗಾಲಿನದ್ದಕ್ಕಿಂತ ಎಷ್ಟೋ ಮೊದಲು ಉಜ್ಜಿ ಹೋಗುತ್ತದೆ. ಗೇರ್ ಲಿವರ್‌ಗೆ ಹಾಕುವ ರಬ್ಬರ್ ಹೊದಿಕೆ ಕೆಲವು ಹತ್ತು ರೂಪಾಯಿಗಳಿಗೆ ಸಿಗುತ್ತದೆ.

ಅಂದಾಜು ಸರಿಯಾಯಿತೇ ಎಂದು ತಿಳಿಯುವುದು ಹೇಗೆ?

ಕೊಂಡ ತಾರೀಖನ್ನು ಶೂವಿನ ನಾಲಿಗೆಯ ಅಡಿಯಲ್ಲಿ ಪೆನ್ನಿನಿಂದ ಬರೆಯಿರಿ. ಬಿಲ್ಲಿನ ಹಿಂದೆ, ಹಾಕಿದ ದಿನಗಳಿಗೆ ಗೆರೆ ಎಳೆಯುತ್ತಾ ಹೋಗಿ; ಖರ್ಚನ್ನೂ ಅಲ್ಲೇ ಬರೆಯಿರಿ. ನಮ್ಮ ಹುಡುಗನ ಮೊದಲ ಜೋಡಿಗೆ ಈಗ 14 ತಿಂಗಳು. ಹಾಕಿದ್ದು 132 ದಿನ, ಖರ್ಚು ಹಿಮ್ಮಡಿಯ ತುಂಡು ಮತ್ತು ಪಾಲಿಶ್ ಸೇರಿ 3,650 ರೂಪಾಯಿ. ಇಂದಿನ ಲೆಕ್ಕಕ್ಕೆ ದಿನಕ್ಕೆ ಸುಮಾರು 27 ರೂಪಾಯಿ 65 ಪೈಸೆ. ರೆಕ್ಸಿನ್ ಜೋಡಿಯನ್ನು ಸರಿಗಟ್ಟಲು ಇನ್ನೂ 353 ದಿನ ಬಾಕಿ. ಕಳೆದ ವಾರ ಅದನ್ನು ಕೈಗೆತ್ತಿಕೊಂಡು ನೋಡಿದೆ. ಮಡಿಕೆಗಳು ಸಣ್ಣದಾಗಿವೆ, ಬಿರುಕಿಲ್ಲ. ಎಡಗಾಲಿನ ಬೆರಳಿನ ಮೇಲೆ ಮಾತ್ರ ಬಣ್ಣ ಮಾಸಿದೆ, ಲಿವರ್‌ಗೆ ಹೊದಿಕೆ ಹಾಕಿಸಿದ್ದು ತಡವಾಯಿತು. ಬಲಗಾಲಿನ ಅಟ್ಟೆ ಮುಂಭಾಗದಲ್ಲಿ ಉಗುರು ಹೋಗುವಷ್ಟು ಬಿಟ್ಟುಕೊಂಡಿದೆ. ಮಳೆ ಶುರುವಾಗುವ ಮುನ್ನ ಅದನ್ನು ಅಂಟಿಸಿ, ಸುತ್ತ ಹೊಲಿಗೆ ಹಾಕಿಸಲು ಹೇಳಿದ್ದೇನೆ.